ಅಂಕಿಯ ತವರು

ಮೂರು ಗಂಟೆಗೆ ಸಭೆ. ಅಲ್ಲಿ ತೋರಿಸಲಿದ್ದ ನಲವತ್ತೊಂದು ಸ್ಲೈಡುಗಳ ಪ್ರತಿ ಅಂಕಿಯನ್ನೂ ಅದರ ಆಕರವನ್ನೂ ನಾನು ಕೋಷ್ಟಕಕ್ಕೆ ಇಳಿಸುತ್ತಿದ್ದೆ: ಸ್ಲೈಡಿನ ಸಂಖ್ಯೆ, ಇದ್ದಂತೆಯೇ ವಾಕ್ಯ, ಆಕರ, ಪುಟ, ತಾಳೆ. ಆಕರದ ಕಾಲಮ್ಮಿಗೆ ನಾನು ಇಂದಿಗೂ ಇಡುವ ಹೆಸರು 'ತವರು'. ಅದು ಕಾಲೇಜಿನ ನಮ್ಮ ಮೇಡಂ ಕಲಿಸಿದ್ದು. "ತವರು ಗೊತ್ತಿಲ್ದಿರೋ ಅಂಕೀನ ಮನೆ ತುಂಬಿಸ್ಕೋಬೇಡ ಕಣೇ" ಎನ್ನುತ್ತಿದ್ದರು.

ಹದಿನಾಲ್ಕನೆಯ ಸ್ಲೈಡು: 'ಜಿಲ್ಲೆಯ ಶೇ. 70ರಷ್ಟು ಬಾವಿಗಳ ನೀರು ಕುಡಿಯಲು ಯೋಗ್ಯವಲ್ಲ.' ಎಲ್ಲ ಬಾವಿಗಳನ್ನೂ ಮುಚ್ಚಿಸುವ ಯೋಜನೆ ನಿಂತಿದ್ದೇ ಅದರ ಮೇಲೆ. ಆಕರವೆಂದು ಕೊಟ್ಟಿದ್ದ ವರದಿಯನ್ನು ತೆರೆದೆ. ಅದು ಇನ್ನೊಂದು ವರದಿಯತ್ತ ಕೈ ತೋರಿಸಿತು. ಆ ಇನ್ನೊಂದರ ಅಡಿಟಿಪ್ಪಣಿಯಲ್ಲಿ ಮೇಡಂ ಹೆಸರಿತ್ತು, ಪಕ್ಕದಲ್ಲೇ ನನ್ನದು.

ಮೂವತ್ತು ವರ್ಷದ ಹಿಂದಿನ ಬೇಸಿಗೆ. ಸೆರಗು ಸಿಕ್ಕಿಸಿಕೊಂಡು ಬಾವಿಕಟ್ಟೆಗೆ ಬಾಗಿದ ಮೇಡಂ, ಒದ್ದೆ ಬಾಟಲಿಗೆ ಚೀಟಿ ಅಂಟಿಸಲಾಗದೆ ಒದ್ದಾಡುವ ನಾನು. "ಬಾಟ್ಲಿ ಒರೆಸೇ ಮೊದ್ಲು, ವಿಜ್ಞಾನಿ!" ಒಟ್ಟು ಐವತ್ತು ಬಾವಿ, ಎಲ್ಲವೂ ಒಂದೇ ಕಾಲುವೆಯ ದಡದವು. ಕೆಟ್ಟವು ಮೂವತ್ತೈದು.

ನಮ್ಮ ಕಚೇರಿಯ ನಿರ್ದೇಶಕರು ಬಾಗಿಲಿಗೆ ಬಂದರು. "ಎಲ್ಲಾ ಸರಿ ಇದ್ಯಾ?"

"ಹದಿನಾಲ್ಕನೇದು ತಾಳೆ ಆಗ್ತಿಲ್ಲ ಸರ್. ಒಂದೇ ಕಾಲುವೆ ದಡದ ಲೆಕ್ಕ ಇದು, ಇಡೀ ಜಿಲ್ಲೇದಲ್ಲ." ಅಡಿಟಿಪ್ಪಣಿ ತೋರಿಸಿದೆ.

"ಅಯ್ಯೋ, ಇದು ನಿಮ್ದೇ ಅಂಕಿ! ನೀವೇ ಹೊಡೆದು ಹಾಕ್ತೀರಾ?"

"ಇಲ್ಲ ಸರ್, ತವರಿಗೆ ಕಳಿಸ್ತಿದೀನಿ."

ಅವರು ನಿಟ್ಟುಸಿರಿಟ್ಟು ಸ್ಲೈಡು ತೆಗೆಸಲು ಹೋದರು. ನಾನು ತಾಳೆಯ ಕಾಲಮ್ಮಿನಲ್ಲಿ ಬರೆದೆ: 'ಕಾಲುವೆ ದಡದ 50ರಲ್ಲಿ 35, ಬೇಸಿಗೆ, ಜಿಲ್ಲೆಗೆ ಅನ್ವಯಿಸದು.' ತವರಿನ ಕಾಲಮ್ಮಿನಲ್ಲಿ, ಎಷ್ಟೋ ವರ್ಷಗಳ ಮೇಲೆ, ಮೇಡಂ ಹೆಸರನ್ನು ಪೂರ್ತಿಯಾಗಿ ಬರೆದೆ.