ಮನೆಯವರು ಮಾಡಿದರೆ ಕೊಡುವುದಿಲ್ಲ

ಗಂಡ ಕಾಲಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಾಗಿನಿಂದ ನಿವೃತ್ತ ಟೀಚರಮ್ಮ ಹೊಸ್ತಿಲು ದಾಟಿರಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು ಎಲ್ಲ ಅವರೇ. ಪಕ್ಕದ ಕೋಣೆಗೆ ಹೋದರೂ "ಎಲ್ಲಿದ್ದೀಯೇ?" ಎಂಬ ಕೂಗು ಹಿಂದೆಯೇ ಬರುತ್ತಿತ್ತು.

ಆಸ್ಪತ್ರೆ ಬಿಲ್ಲಿನ ಕ್ಲೇಮಿಗೆಂದು ತೆಗೆದ ವಿಮಾ ಪಾಲಿಸಿಯನ್ನು ಅವರು ಮಂಚದ ಪಕ್ಕ ಕೂತು, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದಿದರು. ಹಿಂದೆಂದೋ ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಂಡು ಇಬ್ಬರೂ ಮರೆತೇಬಿಟ್ಟಿದ್ದ ಸೌಲಭ್ಯವೊಂದು ಅಲ್ಲಿತ್ತು. ಡಿಸ್ಚಾರ್ಜ್ ಆದ ಮೇಲೆ, ಚಿಕಿತ್ಸೆ ಕೊಟ್ಟ ವೈದ್ಯರು ಅಗತ್ಯವೆಂದು ಬರೆದುಕೊಟ್ಟರೆ, ನೋಂದಾಯಿತ ನರ್ಸ್ ಮನೆಗೆ ಬಂದು ಮಾಡುವ ಶುಶ್ರೂಷೆಯ ಖರ್ಚನ್ನು ಎರಡು ವಾರ ಕಂಪನಿ ಕೊಡುತ್ತದೆ. ಸ್ನಾನ, ಊಟದ ಆರೈಕೆ ಅದರಲ್ಲಿ ಸೇರುವುದಿಲ್ಲ.

"ನೀನೇ ಮಾಡ್ತಿದ್ದೀಯಲ್ಲ, ಆ ದುಡ್ಡು ನಿನಗೇ ಕೊಡಲಿ," ಎಂದರು ಗಂಡ.

"ಮನೆಯವರು ಮಾಡಿದ್ರೆ ಕೊಡಲ್ಲ ಅಂತಾನೂ ಬರೆದಿದ್ದಾರೆ."

"ಹಾಗಾದ್ರೆ ಬೇಡ ಬಿಡು. ಬೇರೆಯವರು ಮುಟ್ಟಿದ್ರೆ ನಂಗೆ ಆಗಲ್ಲ."

ಟೀಚರಮ್ಮ ವೈದ್ಯರಿಗೆ ಫೋನ್ ಮಾಡಿದರು. ಚೀಟಿ ಬಂತು, ಅದನ್ನು ಕಳಿಸಿದ ಮೇಲೆ ಕಂಪನಿಯ ಒಪ್ಪಿಗೆಯೂ ಬಂತು.

ನರ್ಸ್ ಕೈ ತೊಳೆದು ಪಟ್ಟಿ ಬಿಚ್ಚತೊಡಗಿದಾಗ ಟೀಚರಮ್ಮ ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?" ಗಂಡ ತಲೆ ಎತ್ತಿದರು.

"ಗೊತ್ತಿಲ್ಲ ರೀ."

"ಎಷ್ಟೊತ್ತಿಗೆ ಬರ್ತೀಯ?"

"ಇವರ ಕೆಲಸ ಮುಗಿಯೋದ್ರೊಳಗೆ. ಆಮೇಲೆ ಮತ್ತೆ ನಾನೇ ಅಲ್ವಾ?"

ಬೀದಿಯ ತಿರುವಿಗೆ ಬಂದಾಗ, ಯಾವ ಕಡೆ ಹೋಗಬೇಕೆಂದು ತೋಚದೆ, ಅವರು ಬಹಳ ಹೊತ್ತು ಅಲ್ಲೇ ನಿಂತಿದ್ದರು.