ಹೆಗಲ ಮೇಲಿದ್ದವನು

"ಆ ಮಹಾನೆರೆ ಬಂದಾಗ ಇವರಿಗೆ ಏಳು ವರ್ಷ," ಎಂದಳು ಮಗಳು, ಮೈಕನ್ನು ಕೊಂಚ ತಗ್ಗಿಸಿಕೊಂಡು. "ಎದೆಮಟ್ಟದ ನೀರು. ಮೂರು ವರ್ಷದ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ಸೇರಿದ ಹುಡುಗ ಇವರು!"

ಚಪ್ಪಾಳೆ ಬಿತ್ತು. ನೀರು ಸರಬರಾಜಿನ ನಿವೃತ್ತ ನೌಕರರ ಸಂಘದಲ್ಲಿ ನೂರು ಮುಟ್ಟಿದವರು ಇವರೇ ಮೊದಲು. ಊರಿಗೆ ನೀರು ಬಿಡುವ ವಾಲ್ವ್ ತಿರುಗಿಸುತ್ತಿದ್ದ ಇವರು ಎಲ್ಲರ ಬಾಯಲ್ಲೂ ವಾಲ್ವ್ ತಾತ. ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತಿದ್ದ ತಾತ ಬಲಗೈ ಎತ್ತಿದರು. ಬಾಯಾರಿಕೆ ಇರಬೇಕೆಂದು ಅಧ್ಯಕ್ಷರು ನೀರಿನ ಲೋಟ ಮುಂದಿಟ್ಟರು.

ಮಗಳು ನಿಲ್ಲಿಸಲಿಲ್ಲ. ಪರಿಚಯ ಭಾಷಣವೆಂದರೆ ಈ ನಿವೃತ್ತ ಮೇಷ್ಟರಮ್ಮನಿಗೆ ನೀರು ಕುಡಿದಷ್ಟು ಸಲೀಸು. ಬರೀ ಇಸವಿ ಹೇಳಿದರೆ ಜನ ಆಕಳಿಸುತ್ತಾರೆ, ಪಕ್ಕದಲ್ಲಿ ಆಗಿನ ವಯಸ್ಸು ಹೇಳಬೇಕು. ಲೋಕದ ದೊಡ್ಡ ಸುದ್ದಿಗೆ ಮನೆಯ ಸಣ್ಣ ಸಂಗತಿಯನ್ನು ಹೆಣೆಯಬೇಕು. ಮುಖ್ಯವಾಗಿ, ಹೆಸರನ್ನು ಕೊನೆಯ ವಾಕ್ಯದವರೆಗೆ ಬಿಟ್ಟುಕೊಡಬಾರದು. ಹೆಸರು ಕಿವಿಗೆ ಬಿದ್ದೊಡನೆ ಸಭೆ ಎದ್ದು ನಿಲ್ಲಬೇಕು. ಎಷ್ಟೋ ಜನರನ್ನು ಹೀಗೆ ಮೆರೆಸಿದವಳಿಗೆ ಇವತ್ತು ತನ್ನಪ್ಪನ ಸರದಿ. ಇದು ಕೆಟ್ಟರೆ ಇನ್ನೆಂಥ ಭಾಷಣ ಮಾಡಿ ಏನು ಬಂತು?

"ಲೋಕವೆಲ್ಲ ಯುದ್ಧದಲ್ಲಿ ಉರಿಯುತ್ತಿದ್ದಾಗ ಇವರು ಹದಿನೆಂಟರ ಯುವಕ, ಪಂಪ್‌ಹೌಸ್ ಸೇರಿದರು. ಅದೇ ವಾರ ತಮ್ಮ ಜ್ವರಕ್ಕೆ ಬಲಿಯಾದ. ದುಃಖ ನುಂಗಿಕೊಂಡು ಕೆಲಸಕ್ಕೆ ನಡೆದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಇವರಿಗೆ ನಲವತ್ತನಾಲ್ಕು. ಊರೆಲ್ಲ ರೇಡಿಯೊ ಮುಂದೆ, ಇವರು ಮಾತ್ರ ಗುಂಡಿಯೊಳಗೆ. ಒಡೆದ ಪೈಪಿಗೆ ಪಟ್ಟಿ ಬಿಗಿಯುತ್ತಾ, 'ಅಲ್ಲಿ ನಲ್ಲಿ ಇದೆಯೇನ್ರೋ?' ಅಂದರಂತೆ!"

ಸಭೆ ಘೊಳ್ಳೆಂದು ನಕ್ಕಿತು. ತಾತ ನಗಲಿಲ್ಲ.

"ಪುಟ್ಟೀ," ಎಂದರು. ಪಕ್ಕದ ಮೈಕು ಅದನ್ನು ಮೂಲೆಮೂಲೆಗೂ ಒಯ್ದಿತು. "ನೀನು ತಪ್ಪು ಹೇಳ್ದೆ."

"ಯಾವುದಪ್ಪಾ?"

"ನಾನು ಹೊತ್ಕೊಂಡಿರ್ಲಿಲ್ಲ. ಹೆಗಲ ಮೇಲಿದ್ದೋನು ನಾನು."

ಅಧ್ಯಕ್ಷರು ಮಗಳತ್ತ ಬಾಗಿ, "ವಯಸ್ಸಾಯ್ತಲ್ಲಮ್ಮ, ಮರೆವು. ಮುಂದುವರಿಸಿ," ಎಂದು ಪಿಸುಗುಟ್ಟಿದರು. ಅವಳು ಆ ನೆರೆಯ ಕಥೆಯನ್ನು ಅಪ್ಪನ ಬಾಯಲ್ಲೇ ಕೇಳಿ ಬೆಳೆದವಳು. 'ಅಣ್ಣ ತಮ್ಮನ್ನ ಹೊತ್ಕೊಂಡು ಹೋದ' ಎನ್ನುತ್ತಿದ್ದರು. 'ನಾನು' ಎಂದು ಒಂದು ದಿನವೂ ಅಂದವರಲ್ಲ. ಬದುಕಿರುವವನೇ ಅಣ್ಣ ಎಂದು ಅವಳೇ ಅಂದುಕೊಂಡಿದ್ದಳು. ಮನೆಮಂದಿಯೆಲ್ಲ ಹಾಗೇ ಅಂದುಕೊಂಡಿದ್ದರು.

"ಜ್ವರಕ್ಕೆ ಹೋದೋನು ಅಣ್ಣ," ಎಂದರು ತಾತ. "ಕೆಲಸ ಸಿಕ್ಕಿದ್ದೂ ಅವನಿಗೇ. ಹದಿನೆಂಟು ತುಂಬದೋರನ್ನ ತಗೋತಿರ್ಲಿಲ್ಲ. ನನಗೆ ಹದಿನಾಲ್ಕು, ಆದ್ರೆ ಆಳೆತ್ತರ ಬೆಳೆದಿದ್ದೆ. ಮನೇಲಿ ಒಲೆ ಉರೀಬೇಕಿತ್ತಲ್ಲ. ಅಮ್ಮ ಅವನ ಅಂಗಿ ತೊಡಿಸಿ, 'ಇವತ್ತಿಂದ ನೀನೇ ಅವನು, ಸತ್ತೋನು ಚಿಕ್ಕೋನು' ಅಂದ್ಲು. ಆಮೇಲೆ ಸಾಯೋವರೆಗೂ, ಮನೆ ಒಳಗೂ, ಅವಳು ನನ್ನ ಹೆಸರು ಹಿಡಿದು ಕರೀಲಿಲ್ಲ."

"ಅಯ್ಯೋ ಅಪ್ಪಾ! ನಮ್ಮಮ್ಮನಿಗೂ ಹೇಳ್ಲಿಲ್ವಾ?"

"ಇಲ್ಲ." ತಾತ ಉಸಿರೆಳೆದುಕೊಂಡರು. "ನೂರು ವರ್ಷ ಬದುಕ್ದ ಅಂತೀಯ. ಅವನೆಲ್ಲಿ ಬದುಕ್ದ? ಅವನ ಕೆಲಸ ತಗೊಂಡೆ, ಹೆಸರು ತಗೊಂಡೆ. ಹೆಗಲನ್ನೂ ತಗೊಳ್ಳೋದು ಬೇಡ ಕಣೇ."

ಮಗಳ ಕೊನೆಯ ವಾಕ್ಯ ಬಾಯಲ್ಲೇ ಕೂತಿತ್ತು. ಅದರ ತುದಿಯಲ್ಲಿದ್ದ ಹೆಸರು ಈಗ ಅಪ್ಪನದಲ್ಲ. ತಾನು ಮದುವೆಯ ಕರೆಯೋಲೆಯಲ್ಲಿ ಅಚ್ಚುಹಾಕಿಸಿದ್ದ, ಇಡೀ ಬದುಕು ತನ್ನ ಹೆಸರಿನ ಹಿಂದೆ ಹೊತ್ತು ತಿರುಗಿದ್ದ ಆ ಹೆಸರು, ಅವಳು ಕಂಡೇ ಇರದ ದೊಡ್ಡಪ್ಪನದು. ತೊಂಬತ್ತಾರರ ಈ ಮುದುಕ ಯಾರು? ಸಂಘದವರು ನೂರರ ಫಲಕ ಮಾಡಿಸಿದ್ದಾರೆ, ಅಧ್ಯಕ್ಷರು ಹೂಗುಚ್ಛವನ್ನು ಆಗಲೇ ತಾತನ ಕೈಗಿಟ್ಟಿದ್ದಾರೆ. ಮರೆವು ಅಂದುಬಿಟ್ಟರೆ ಎಲ್ಲವೂ ಮುಚ್ಚಿಹೋಗುತ್ತದೆ.

ಅವಳು ಮೈಕು ಕಳಚಿಕೊಂಡು ಹೋಗಿ ಅಪ್ಪನ ಮುಂದೆ ಮಂಡಿಯೂರಿದಳು.

"ಅಪ್ಪಾ, ನಿನ್ನ ಹೆಸರೇನು?"

ತಾತ ಬಾಯಿ ತೆರೆದರು. ಮೊದಲ ಸಲ ದನಿ ಹೊರಡಲಿಲ್ಲ. ಎರಡನೇ ಸಲ ಬಂತು, ಚಿಕ್ಕ ಹುಡುಗರನ್ನು ಕರೆಯುವಂಥ ಒಂದು ಪುಟ್ಟ ಹೆಸರು.

ಮಗಳು ಎದ್ದು ಸಭೆಯತ್ತ ತಿರುಗಿದಳು. "ಮಹಾನೆರೆ ಬಂದಾಗ ಇವರಿಗೆ ಮೂರು ವರ್ಷ," ಎಂದು ಶುರುಮಾಡಿದಳು. ಮುಂದಿನದೆಲ್ಲ ಬಿಟ್ಟು ಆ ಹೆಸರನ್ನಷ್ಟೇ ಹೇಳಿದಳು. ಯಾರೂ ಸನ್ನೆ ಮಾಡಿರಲಿಲ್ಲ. ಕುರ್ಚಿಗಳು ಸರಿದ ಸದ್ದಾಯಿತು, ಜನ ಎದ್ದು ನಿಂತರು. ಚಪ್ಪಾಳೆ ತಟ್ಟಲು ಯಾರಿಗೂ ತೋಚಲಿಲ್ಲ.

ಫಲಕ ಕೊಡುವುದೋ ಬೇಡವೋ ತಿಳಿಯದೆ ಪೆಚ್ಚಾದ ಅಧ್ಯಕ್ಷರು, ಹೂಗುಚ್ಛವನ್ನಾದರೂ ಮೇಜಿನ ಮೇಲಿಡೋಣವೆಂದು ಕೈಚಾಚಿದರು. ತಾತ ಬಿಡಲಿಲ್ಲ.

"ಕೂದಲು ಗಟ್ಟಿಯಾಗಿ ಹಿಡ್ಕೋ, ಬಿಡಬೇಡ ಅಂದಿದ್ದ ಅಣ್ಣ," ಎಂದರು ಮಗಳಿಗೆ ಮಾತ್ರ ಕೇಳಿಸುವಂತೆ. ಹೂವಿನ ಕಾಂಡಗಳನ್ನು ಎರಡೂ ಮುಷ್ಟಿಗಳಲ್ಲಿ ಬಿಗಿಯಾಗಿ ಹಿಡಿದಿದ್ದರು.