ಮಗಳ ಆಟಕ್ಕೆ ಜಾಗ
ವಿಚ್ಛೇದನವಾದ ಮೇಲೆ ಮಗಳು ಅಪ್ಪನ ಬಾಡಿಗೆ ಕೋಣೆಗೆ ಬರುತ್ತಿದ್ದದ್ದು ಭಾನುವಾರ ಮಧ್ಯಾಹ್ನ ಮಾತ್ರ. ಈ ಸಲ ಬಂದವಳೇ ಅವನ ಫೋನ್ ಕಿತ್ತುಕೊಂಡು, ಗೆಳತಿಯರೆಲ್ಲ ಆಡುವ ಗೇಮ್ ಹಾಕಿಕೊಡು ಎಂದು ಹಟ ಹಿಡಿದಳು.

ಡೌನ್‌ಲೋಡ್ ಒತ್ತಿದರೆ 'ಪೆಂಡಿಂಗ್' ಎಂದು ನಿಂತೇಬಿಟ್ಟಿತು. ಬೇರೆ ಆ್ಯಪ್‌ಗಳ ಅಪ್‌ಡೇಟ್‌ಗಳು ಮುಂದೆ ಸಾಲುಗಟ್ಟಿದ್ದವು. ಅವನ್ನೆಲ್ಲ ರದ್ದು ಮಾಡಿದ. ಆಗ ಜಾಗ ಸಾಲದು ಎಂಬ ಸೂಚನೆ ಬಂತು. ದೊಡ್ಡ ಫೈಲುಗಳನ್ನು ತೆರೆದರೆ ಎಲ್ಲವೂ ಅವಳು ಮಗುವಾಗಿದ್ದಾಗಿನ ವಿಡಿಯೊಗಳೇ. ಬೇರೆಲ್ಲೂ ಪ್ರತಿ ಇರಲಿಲ್ಲ.

"ನೋಡು ಪುಟ್ಟಿ, ನೀನು ಮೊದಲ ಸಲ ನಡೆದಿದ್ದು!"

"ಅದೇ ದೊಡ್ಡ ಫೈಲು, ಅಪ್ಪ. ಅದನ್ನೇ ತೆಗಿ."

"ಪಾಪ, ಇರ್ಲಿ ಬಿಡೇ."

"ಹಾಗಾದ್ರೆ ನಾನು ಅಮ್ಮನ ಹತ್ರ ಹೋಗ್ತೀನಿ."

ಅವನು ಆ ವಿಡಿಯೊಗಳನ್ನು ಒಂದೊಂದಾಗಿ ಅಳಿಸಿದ. ಆದರೂ ಜಾಗ ಸಾಲಲಿಲ್ಲ. ಅಳಿಸಿದ್ದೆಲ್ಲ ಫೋನಿನ ಕಸದ ಬುಟ್ಟಿಯಲ್ಲೇ ಕುಳಿತಿತ್ತು. ಶಾಶ್ವತವಾಗಿ ಅಳಿಸಬೇಕೇ ಎಂದು ಫೋನ್ ಕೇಳಿತು. ಕಣ್ಣು ಮುಚ್ಚಿ ಹೌದು ಎಂದು ಒತ್ತಿದ.

ಗೇಮ್ ಇನ್‌ಸ್ಟಾಲ್ ಆಯಿತು. ಮಗಳು ಗೋಡೆಗೆ ಒರಗಿ, ಫೋನಿನಿಂದ ತಲೆ ಎತ್ತದೆ ಆಡುತ್ತಾ ಕುಳಿತಳು. ಅವನು ಸ್ಕೂಲಿನ ಬಗ್ಗೆ ಕೇಳಿದ. ಹಸಿವಾಯಿತೇ ಎಂದು ಕೇಳಿದ. ಎಲ್ಲಕ್ಕೂ "ಹ್ಞೂಂ" ಒಂದೇ ಉತ್ತರ.

ಸಂಜೆ ಕೆಳಗಿನಿಂದ ಅವಳಮ್ಮ ಹಾರ್ನ್ ಹೊಡೆದಳು. ಮಗಳು ಫೋನನ್ನು ಹಾಸಿಗೆಯ ಮೇಲೆಸೆದು ಚಪ್ಪಲಿ ಮೆಟ್ಟಿದಳು.

"ಮುಂದಿನ ವಾರ ಫುಲ್ ಚಾರ್ಜ್ ಮಾಡಿಟ್ಟಿರಪ್ಪ," ಎಂದು ಮೆಟ್ಟಿಲಿಳಿದು ಓಡಿದಳು.